ವಿಷಯ: ಆಫರ್ ಲೆಟರ್ ಬಗ್ಗೆ ಒಂದು ವಿನಂತಿ

ನಮಸ್ಕಾರ ಸರ್,

ಅಕೌಂಟೆಂಟ್ ಕೆಲಸಕ್ಕೆ ನನ್ನನ್ನು ತೆಗೆದುಕೊಳ್ಳುವುದಾಗಿ ನಿನ್ನೆ ಫೋನಿನಲ್ಲಿ ತಿಳಿಸಿದ್ದಕ್ಕೆ ತುಂಬಾ ಧನ್ಯವಾದ. ಬರಲು ನಾನು ಸಿದ್ಧ. ಜುಲೈ 1ಕ್ಕೆ ಸೇರಬೇಕೆಂದರೆ ಇಲ್ಲಿ ಬದಿಯಡ್ಕದಲ್ಲಿ ಮೇ 31ರೊಳಗೆ ರಾಜೀನಾಮೆ ಕೊಡಬೇಕು. ಒಂದು ತಿಂಗಳ ನೋಟಿಸ್ ಇದೆ. ಅದಕ್ಕೆ ಮೊದಲು ಆಫರ್ ಲೆಟರ್ ಕೈಗೆ ಸಿಕ್ಕಿದರೆ ಉಪಕಾರ.

ನಿಮ್ಮ ಮಾತಿನ ಮೇಲೆ ಸಂಶಯವಿದ್ದು ಕೇಳುತ್ತಿರುವುದಲ್ಲ. ಮನೆ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗುವುದು, ಒಂದು ತಿಂಗಳು ತಪ್ಪಿದರೂ ಕಷ್ಟ.

ತಿಂಗಳಿಗೆ 28,000 ರೂಪಾಯಿ ಎಂದಿರಲ್ಲ, ಅದು ಪಿಎಫ್ ಕಳೆದು ಕೈಗೆ ಬರುವುದೋ, ಕಳೆಯುವ ಮೊದಲಿನದೋ ಎಂದು ಪತ್ರದಲ್ಲಿ ಸ್ಪಷ್ಟವಾಗಿದ್ದರೆ ಒಳ್ಳೆಯದು. ಸೇರುವ ತಾರೀಕು, ಪ್ರೊಬೇಷನ್ ಅವಧಿ ಇರಲಿ. ಕೆಲಸ ಮಂಗಳೂರು ಆಫೀಸಿನಲ್ಲೇ ಎಂಬುದೂ ಬೇಕಿತ್ತು. ಪುತ್ತೂರು ಬ್ರಾಂಚಿನ ಮಾತು ನಡುವೆ ಬಂದಿತ್ತು, ಹಾಗಾಗಿ ಕೇಳಿದೆ. ಮಂಗಳೂರಾದರೆ ಕಾಸರಗೋಡಿನಿಂದ ರೈಲಿದೆ, ದಿನಾ ಹೋಗಿ ಬರಬಹುದು. ಪುತ್ತೂರಾದರೆ ರೂಮು ಮಾಡಬೇಕಾದೀತು.

ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿದ ಪ್ರತಿಯನ್ನು ಸ್ಕ್ಯಾನ್ ಮಾಡಿ ಮೇಲ್ ಮಾಡಿದರೂ ಸಾಕು. 28ನೇ ತಾರೀಕಿನೊಳಗೆ ಬಂದರೆ ಮರುದಿನವೇ ಒಪ್ಪಿಗೆಯ ಸಹಿ ಹಾಕಿ ಕಳಿಸಿ, ಇಲ್ಲಿ ರಾಜೀನಾಮೆ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಉದಯ, ಬದಿಯಡ್ಕ