ಕಾಂಬಿನೇಷನ್ ಆರಿಸುವ ಮುನ್ನ: ಹತ್ತನೇ ತರಗತಿಯ ಬೀಳ್ಕೊಡುಗೆ ಸಭೆಯಲ್ಲಿ ಗಣಿತ ಶಿಕ್ಷಕಿಯ ಮಾತು

ಮುಖ್ಯೋಪಾಧ್ಯಾಯರೇ, ಎಸ್‌ಡಿಎಂಸಿ ಅಧ್ಯಕ್ಷರೇ, ಸಹೋದ್ಯೋಗಿಗಳೇ, ಹೊಲಗದ್ದೆ ಕೆಲಸ ಬಿಟ್ಟು ಬಂದು ಕೂತಿರುವ ತಂದೆತಾಯಂದಿರೇ, ಹತ್ತನೇ ತರಗತಿಯ ಮಕ್ಕಳೇ,

ಚೆನ್ನಾಗಿ ಓದಿ ಅಂತ ಹೇಳುವವರು ಈ ವೇದಿಕೆ ಮೇಲೆ ಬೇಕಾದಷ್ಟು ಜನ ಇದ್ದಾರೆ. ಆ ಮಾತು ಅವರಿಗೇ ಬಿಡ್ತೀನಿ. ಪರೀಕ್ಷೆ ಮುಗಿದ ಮಾರನೇ ದಿನದಿಂದ ಊರೆಲ್ಲ ನಿಮ್ಮನ್ನು ಕೇಳುವ ಪ್ರಶ್ನೆ ಒಂದಿದೆಯಲ್ಲ, "ಮುಂದೆ ಏನು ತಗೊಳ್ತೀಯ?" ಅಂತ, ನನ್ನ ಮಾತು ಅದರ ಬಗ್ಗೆ.

ಈ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಹೆಚ್ಚಿನವು ಭಯದಿಂದ ಹುಟ್ಟಿದವು. ಗಣಿತ ಕಂಡರೆ ಭಯ, ಅದಕ್ಕೇ ಆರ್ಟ್ಸ್. ಇಂಗ್ಲಿಷ್ ಅಂದರೆ ಭಯ, ಅದಕ್ಕೇ ಸೈನ್ಸ್ ಬೇಡ. ಇದರ ತಿರುವು ಮುರುವೂ ಇದೆ, ಅದನ್ನು ಯಾರೂ ಭಯ ಅಂತ ಕರೆಯುವುದಿಲ್ಲ: ಶೇಕಡಾ 90 ತೆಗೆದು ಆರ್ಟ್ಸ್‌ಗೆ ಹೋದರೆ ನೆಂಟರು ಏನಂತಾರೋ ಅಂತ ಸೈನ್ಸ್ ತಗೊಳ್ಳುವುದು. ನನ್ನ ಪ್ರಕಾರ ಇದೇ ಹೆಚ್ಚು ಕೆಡಿಸುವ ಭಯ, ಯಾಕಂದರೆ ಮೇಲ್ನೋಟಕ್ಕೆ ಅದು ಧೈರ್ಯದ ಹಾಗೇ ಕಾಣುತ್ತದೆ.

ಹಾಗಾದರೆ ಧೈರ್ಯ ಯಾವುದು? ಯಾವುದನ್ನು ಬಿಟ್ಟುಕೊಡುತ್ತಿದ್ದೀರಿ ಅಂತ ಗೊತ್ತಿದ್ದು ಆರಿಸುವುದು. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಆ ನಾಲ್ಕರಲ್ಲೇ ಮುಂದಿನ ದಾರಿ ಇರುವುದು. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ, ಗಣಿತ ಇರಲೇಬೇಕು. ಎಂಬಿಬಿಎಸ್‌ಗೆ ಜೀವಶಾಸ್ತ್ರ ಬೇಕು, ನೀಟ್ ಬರೆಯಬೇಕು. ನೀಟ್‌ನಲ್ಲಿ ಗಣಿತದ ಒಂದು ಪ್ರಶ್ನೆಯೂ ಇಲ್ಲ. ಬಿಎಸ್ಸಿ ಕೃಷಿಗೂ ಜೀವಶಾಸ್ತ್ರ ಬೇಕು. ಆದರೆ ಐದು ವರ್ಷದ ಕಾನೂನು ಪದವಿಗೆ, ಸಿಎ ಫೌಂಡೇಷನ್‌ಗೆ, ಪದವಿ ಮುಗಿಸಿ ಬರೆಯುವ ಕೆಎಎಸ್, ಯುಪಿಎಸ್‌ಸಿಗೆ ಯಾವ ವಿಭಾಗದಿಂದ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಸೈನ್ಸ್ ಓದಿ ಬಿಎಗೋ ಬಿಕಾಂಗೋ ಹೋಗಬಹುದು, ಆರ್ಟ್ಸ್ ಓದಿ ಎಂಜಿನಿಯರಿಂಗ್‌ಗೆ ಹೋಗಲಾಗದು. ಈ ಒಂದು ಮಾತು ಹಿಡಿದುಕೊಂಡು, "ಯಾವುದಕ್ಕೂ ಇರಲಿ, ಪಿಸಿಎಂಬಿ ತಗೋ" ಅಂತ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಆ "ಇರಲಿ"ಗೆ ಬೆಲೆ ಇದೆ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಅಂತ ನಾಲ್ಕು ಭಾರದ ವಿಷಯ, ಮೂರು ಲ್ಯಾಬ್, ಮೂರು ರೆಕಾರ್ಡ್, ಎರಡು ವರ್ಷ. ಇಷ್ಟವಿದ್ದು ಹೊತ್ತರೆ ಹೊರಬಹುದು. ಇರಲಿ ಅಂತ ಹೊತ್ತವರು ಮೊದಲ ಕಿರುಪರೀಕ್ಷೆಗೇ ಕುಸಿಯುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಮಾಡಬೇಕಾದರೆ ಪಿಯುಸಿಯಲ್ಲೂ ಕಂಪ್ಯೂಟರ್ ಸೈನ್ಸ್ ಓದಿರಬೇಕು ಅಂದುಕೊಂಡಿದ್ದೀರಿ. ಬೇಕಿಲ್ಲ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಸಿಗಲಿಲ್ಲ ಅಂತ ಮಗುವನ್ನು ದೂರದ ಖಾಸಗಿ ಕಾಲೇಜಿಗೆ ಸೇರಿಸಿ ಸಾಲ ಮಾಡಬೇಡಿ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ ಸೇರುತ್ತದೆ. ಕೋಚಿಂಗ್ ನಂಬಿ ಪಿಯುಸಿ ಪಾಠ ಕೈಬಿಟ್ಟವರು ಎಡವುವುದು ಇಲ್ಲೇ.

ಈಗ ಗಣಿತದ ಭಯಕ್ಕೆ ಬರೋಣ, ಅದು ನನ್ನ ವಿಷಯ. ಅದು ಎಲ್ಲಿಂದ ಬರುತ್ತದೆ ಅಂತ ನಮಗೆ, ಶಿಕ್ಷಕರಿಗೆ, ಚೆನ್ನಾಗಿ ಗೊತ್ತು. ಪಾಸಿಂಗ್ ಪ್ಯಾಕೇಜ್ ಕೊಟ್ಟು, ಥೇಲ್ಸ್ ಪ್ರಮೇಯ ಬಾಯಿಪಾಠ ಮಾಡಿಸಿ, ತ್ರಿಕೋನಮಿತಿಯಲ್ಲಿ ಬರುವ ನಾಲ್ಕು ಲೆಕ್ಕ ಗುರುತು ಹಾಕಿ ಕೊಡ್ತೀವಿ. ಅಂಕ ಬರುತ್ತದೆ, ಬುಡ ಗಟ್ಟಿಯಾಗುವುದಿಲ್ಲ. ಪ್ರಥಮ ಪಿಯುಸಿಯಲ್ಲಿ sin(A+B) ಬಂದಾಗ sin ಅಂದರೆ ಏನೆಂದೇ ನೆನಪಿರುವುದಿಲ್ಲ. ಆಗ ಮಗು ತನಗೆ ತಲೆ ಇಲ್ಲ ಅಂದುಕೊಳ್ಳುತ್ತದೆ. ಇಲ್ಲದಿರುವುದು ತಲೆಯಲ್ಲ, ಬಿಟ್ಟುಹೋದ ಒಂದು ಪಾಠ. ಏಪ್ರಿಲ್ ತಿಂಗಳಲ್ಲಿ ದಿನಕ್ಕೊಂದು ಗಂಟೆ ಕೂತು ಹತ್ತನೇ ತರಗತಿಯ ತ್ರಿಕೋನಮಿತಿ, ವರ್ಗ ಸಮೀಕರಣ, ನಿರ್ದೇಶಾಂಕ ರೇಖಾಗಣಿತ, ಈ ಮೂರನ್ನು ಪೂರ್ತಿ ಬಿಡಿಸಿದರೆ ಬಿಟ್ಟುಹೋದದ್ದನ್ನು ತುಂಬಿಕೊಳ್ಳಬಹುದು.

ಬರೀ ಯೋಚಿಸಿ ತೀರ್ಮಾನಿಸಬೇಡಿ, ಪರೀಕ್ಷಿಸಿ ನೋಡಿ. ಮನಸ್ಸಿನಲ್ಲಿರುವ ಎರಡು ವಿಭಾಗಗಳ ಪ್ರಥಮ ಪಿಯುಸಿ ಪುಸ್ತಕ ತನ್ನಿ. ಒಂದು ವಾರ ಭೌತಶಾಸ್ತ್ರದ ಸರಳರೇಖೆಯ ಚಲನೆ ಓದಿ ಕೊನೆಯ ಅಭ್ಯಾಸ ಬಿಡಿಸಿ. ಮುಂದಿನ ವಾರ ಲೆಕ್ಕಶಾಸ್ತ್ರ ತೆಗೆಯಿರಿ. ಒಂದು ಅಂಗಡಿಗೆ 10,000 ರೂಪಾಯಿ ಸರಕು ಸಾಲಕ್ಕೆ ಬಂತು. ಹಣ ಕೈಬಿಟ್ಟಿಲ್ಲ, ಆದರೂ ಎರಡು ಕಡೆ ಬರೆಯಬೇಕು: ಖರೀದಿ ಖಾತೆಗೆ ಖರ್ಚು, ಸರಕು ಕೊಟ್ಟವನ ಖಾತೆಗೆ ಜಮಾ. ಯಾಕೆ ಅಂತ ಕೆದಕಬೇಕು ಅನ್ನಿಸಿತೇ, ಆಕಳಿಕೆ ಬಂತೇ? ಉತ್ತರ ಸರಿಯಾಗಿದೆಯೇ ಅಂತ ಮಾತ್ರ ನೋಡಬೇಡಿ. ತಪ್ಪಾದಾಗ ಪುಸ್ತಕ ಮುಚ್ಚಿದಿರಾ, ಮತ್ತೊಮ್ಮೆ ಮಾಡಿದಿರಾ ಅಂತ ನೋಡಿಕೊಳ್ಳಿ. ಇತಿಹಾಸ, ಸಮಾಜಶಾಸ್ತ್ರಕ್ಕೂ ಇದೇ ಪರೀಕ್ಷೆ: ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ಎರಡು ಪುಟ ಸ್ವಂತ ಮಾತಿನಲ್ಲಿ ಬರೆಯಿರಿ. ಆರ್ಟ್ಸ್ ಸುಲಭ ಅಂತ ಹೋಗುವವರು ಇದನ್ನು ಮೊದಲು ಮಾಡಬೇಕು.

ಇಂಗ್ಲಿಷ್ ವಿಚಾರ. ಸೈನ್ಸ್ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ಮೊದಲ ಮೂರು ತಿಂಗಳು ಕಷ್ಟ. ವೇಗೋತ್ಕರ್ಷವನ್ನು ಆ್ಯಕ್ಸಲರೇಷನ್ ಅನ್ನುತ್ತಾರೆ, ಅಷ್ಟೇ, ವಿಷಯ ಬದಲಾಗುವುದಿಲ್ಲ. ಎರಡು ಕಾಲಂ ಹಾಕಿದ ನೋಟ್‌ಬುಕ್‌ನಲ್ಲಿ ದಿನಕ್ಕೆ ಹತ್ತು ಪದ ಬರೆಯುತ್ತಾ ಬನ್ನಿ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಸಿಇಟಿಯ ಸರ್ಕಾರಿ ಸೀಟುಗಳಲ್ಲಿ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲಿದೆ. ನೀವು ಕೊರತೆ ಅಂದುಕೊಂಡಿರುವುದು ಅಲ್ಲಿ ನಿಮ್ಮ ಹಕ್ಕು.

ಡಿಪ್ಲೊಮಾ ಬಗ್ಗೆಯೂ ಕೇಳಿಸಿಕೊಳ್ಳಿ. ಕೈಕೆಲಸ ಹಿಡಿಸುವವರು ಮೂರು ವರ್ಷ ಪಾಲಿಟೆಕ್ನಿಕ್ ಓದಿ, ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. ದಡ್ಡರು ಹೋಗುವ ದಾರಿ ಅದಲ್ಲ.

ಪೋಷಕರಲ್ಲಿ ಒಂದು ಮಾತು. ಹೋಬಳಿ ಕಾಲೇಜಿನಲ್ಲಿ ಸೈನ್ಸ್ ಇಲ್ಲ, ಅರಸೀಕೆರೆಗೆ ಬಸ್ಸಿನಲ್ಲಿ ಹೋಗಬೇಕು ಅಂತ ಹುಡುಗಿಯರನ್ನು ಇಲ್ಲೇ ಸಿಗುವ ವಿಭಾಗಕ್ಕೆ ಸೇರಿಸುತ್ತೀರಿ. ಆಗ ವಿಷಯ ಆರಿಸುವುದು ಮಗಳಲ್ಲ, ಬಸ್ ಸ್ಟ್ಯಾಂಡು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳಿವೆ; ಅರ್ಜಿ ಕರೆದಾಗ ಕೊನೆಯ ದಿನದವರೆಗೆ ಕಾಯಬೇಡಿ, ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಈಗಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ.

ಸೇರಿದ ಮೇಲೆ ತಪ್ಪಾಯಿತು ಅನ್ನಿಸಿದರೆ ಮುಚ್ಚಿಡಬೇಡಿ. ತರಗತಿ ಶುರುವಾದ ಮೊದಲ ವಾರಗಳಲ್ಲೇ ಪ್ರಾಂಶುಪಾಲರ ಬಳಿ ಹೋಗಿ ಕೇಳಿ, ಸೀಟು ಖಾಲಿ ಇರುವಾಗ ಕಾಂಬಿನೇಷನ್ ಬದಲಾಯಿಸುವುದು ಸುಲಭ. ದಸರಾ ರಜೆ ಕಳೆದ ಮೇಲೆ ಹೋದರೆ ವರ್ಷವೇ ಹೋಗಬಹುದು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು. ಟಿಸಿ ತೆಗೆದುಕೊಳ್ಳಲು ಬಂದಾಗಲೇ ಅದಕ್ಕೂ ಅರ್ಜಿ ಕೊಟ್ಟು ಹೋಗಿ. ಒಂದರಿಂದ ಏಳರವರೆಗೆ ಬೇರೆ ಶಾಲೆಯಲ್ಲಿ ಓದಿದವರು ಅಲ್ಲಿಂದಲೂ ತರಬೇಕು. ಪ್ರಥಮ ಪಿಯುಸಿ ಪುಸ್ತಕಗಳನ್ನು ಗ್ರಂಥಾಲಯದ ಬೀರುವಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇವೆ. ಕೊನೆಯ ಪರೀಕ್ಷೆ ಬರೆದ ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಬನ್ನಿ, ರಿಜಿಸ್ಟರಿನಲ್ಲಿ ಹೆಸರು ಬರೆದು ತಲಾ ಎರಡು ಪುಸ್ತಕ ತಗೊಂಡು ಹೋಗಿ. ಅಪ್ಪ ಅಮ್ಮನನ್ನೂ ಕರೆತಂದರೆ ಮೇಷ್ಟ್ರುಗಳೆಲ್ಲ ಇರುತ್ತೇವೆ, ಕೂತು ಮಾತಾಡೋಣ. ನಮಸ್ಕಾರ.