ಬಾಯಿಪಾಠದ ಗ್ರಂಥಕ್ಕೆ ಕಾಲ ಕಟ್ಟುವುದು: ಎಂ.ಎ. ಇತಿಹಾಸ ವಿದ್ಯಾರ್ಥಿಗಳಿಗೆ ಆಕರ ವಿಮರ್ಶೆಯ ಕೈಪಿಡಿ

ಈ ಸಲದ ಪ್ರಬಂಧಕ್ಕೆ ನಿಮ್ಮಲ್ಲಿ ಹಲವರು ಸುದಾಸ ಹತ್ತು ರಾಜರ ಕೂಟವನ್ನು ಗೆದ್ದ ದಾಶರಾಜ್ಞ ಯುದ್ಧವನ್ನು ಆರಿಸಿಕೊಂಡಿದ್ದೀರಿ. ಅದರ ಮುಖ್ಯ ಆಕರ ಋಗ್ವೇದದ ಏಳನೇ ಮಂಡಲದ 18ನೇ ಸೂಕ್ತ. ಬರೆಯಲು ಕೂರುವ ಮೊದಲು ಇದನ್ನು ಓದಿಕೊಳ್ಳಿ.

"ಋಗ್ವೇದದ ಕಾಲ ಯಾವುದು?" ಎಂದು ಕೇಳುವುದನ್ನು ಮೊದಲು ಬಿಡಿ. ಸೂಕ್ತ ಕಟ್ಟಿದ ಕಾಲ ಬೇರೆ, ಅವನ್ನೆಲ್ಲ ಸೇರಿಸಿ ಕ್ರಮಕ್ಕೆ ತಂದ ಕಾಲ ಬೇರೆ, ಬರೆದಿಟ್ಟ ಕಾಲ ಇನ್ನೂ ಬೇರೆ. ಪುಣೆಯ ಭಂಡಾರಕರ್ ಸಂಸ್ಥೆಯಲ್ಲಿರುವ ಋಗ್ವೇದದ ಪ್ರತಿಗಳಲ್ಲಿ ತೀರಾ ಹಳೆಯದಕ್ಕೆ 1464ರ ತಾರೀಖಿದೆ. ಅದು ಆ ಪ್ರತಿಯ ವಯಸ್ಸು, ಅಷ್ಟೇ. ನಿಮ್ಮ ಪ್ರಬಂಧದಲ್ಲಿ ಎಲ್ಲಿ ಇಸವಿ ಬಂದರೂ ಅದು ಈ ಮೂರರಲ್ಲಿ ಯಾವುದರದ್ದು ಎಂದು ಹೇಳಲೇಬೇಕು.

ಇಸವಿಗಿಂತ ಮುಂಚೆ ಯಾವುದು ಮೊದಲಿನದು, ಯಾವುದು ನಂತರದ್ದು ಎಂದು ನೋಡಿ. ಗ್ರಂಥದ ಒಳಗೇ ಪದರಗಳಿರುತ್ತವೆ. ಎರಡರಿಂದ ಏಳರವರೆಗಿನ ಮಂಡಲಗಳು ಒಂದೊಂದು ಋಷಿಕುಲದವು, ಒಟ್ಟಾರೆ ಹಳೆಯವು. ಹತ್ತನೆಯದು ಬಹುಪಾಲು ಈಚಿನದು. ಕುಲಮಂಡಲಗಳಲ್ಲಿ ಒಂದೊಂದು ದೇವತೆಯ ಸೂಕ್ತಗಳನ್ನು ಋಕ್ಕುಗಳ ಸಂಖ್ಯೆ ಇಳಿಯುವ ಹಾಗೆ ಜೋಡಿಸಿದ್ದಾರೆ. ಆ ಲೆಕ್ಕ ತಪ್ಪಿದ ಕಡೆ ಆಮೇಲೆ ಏನೋ ಸೇರಿದೆಯಾ ಎಂದು ಅನುಮಾನಪಡಿ. ಎಲ್ಲರಿಗೂ ಗೊತ್ತಿರುವ ಮೃತ್ಯುಂಜಯ ಮಂತ್ರವನ್ನೇ ತೆಗೆದುಕೊಳ್ಳಿ. ಅದು ಏಳನೇ ಮಂಡಲದ 59ನೇ ಸೂಕ್ತದ ಕೊನೆಯ ಋಕ್ಕು. ಶಾಕಲ್ಯ ಇಡೀ ಋಗ್ವೇದವನ್ನು ಪದ ಪದವಾಗಿ ಬಿಡಿಸಿಟ್ಟರೂ ಆರು ಋಕ್ಕುಗಳನ್ನು ಮಾತ್ರ ಬಿಡಿಸಲಿಲ್ಲ. ಅವುಗಳಲ್ಲಿ ಇದೂ ಒಂದು. ತಡವಾಗಿ ಸೇರಿತು ಎನ್ನಲು ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ.

ಛಂದಸ್ಸೂ ಸಾಕ್ಷಿ ಹೇಳುತ್ತದೆ. "ತತ್ಸವಿತುರ್ವರೇಣ್ಯಂ" ಎಣಿಸಿ ನೋಡಿ, ಏಳೇ ಅಕ್ಷರ. ಗಾಯತ್ರಿಯ ಪಾದಕ್ಕೆ ಎಂಟು ಬೇಕು, ಅಲ್ವಾ? "ವರೇಣಿಯಂ" ಎಂದರೆ ಸರಿಹೋಗುತ್ತದೆ. ಕಟ್ಟಿದವರ ಉಚ್ಚಾರಕ್ಕೂ ಪಾಠವನ್ನು ಗಟ್ಟಿ ಮಾಡಿದವರ ಉಚ್ಚಾರಕ್ಕೂ ನಡುವೆ ಕಾಲ ಸರಿದಿದೆ. ಘನಪಾಠಿಗಳು ಸ್ವರವೂ ಕೆಡದಂತೆ ಕಾಪಾಡಿದ್ದು ಗಟ್ಟಿಯಾದ ಮೇಲಿನ ರೂಪವನ್ನು.

ಇಸವಿಗೆ ಹೊರಗಿನ ಆಧಾರವೇ ಬೇಕು. ಟರ್ಕಿಯ ಬೊಗಾಜ್‌ಕೊಯ್‌ನಲ್ಲಿ ಸಿಕ್ಕ ಹಿಟ್ಟೈಟ್ ಮತ್ತು ಮಿತನ್ನಿ ರಾಜ್ಯಗಳ ಒಪ್ಪಂದ ಕ್ರಿ.ಪೂ. 14ನೇ ಶತಮಾನದ್ದು. ಅದರಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿದೆ. ಕುದುರೆ ಪಳಗಿಸುವ ಬಗ್ಗೆ ಮಿತನ್ನಿಯ ಕಿಕ್ಕುಲಿ ಎಂಬವನ ಬರಹವೂ ಅಲ್ಲೇ ಸಿಕ್ಕಿದೆ, ಅದರಲ್ಲಿ ಒಂದು ಎನ್ನಲು "ಐಕ" ಎಂದಿದೆ. ವೇದದ "ಏಕ"ಕ್ಕಿಂತ ಇದು ಹಳೆಯ ರೂಪ. ಹಾಗಂತ ಸೂಕ್ತಗಳೆಲ್ಲ ಇದರ ನಂತರದವು ಎಂದು ಸಲೀಸಾಗಿ ಬರೆಯಬೇಡಿ. ಉಚ್ಚಾರ ಪಠಣದಲ್ಲೇ ಬದಲಾಗಿರಬಹುದು. ಆ ದೇವತೆಗಳೂ ಆ ನುಡಿಯ ನಂಟರೂ ಆ ಹೊತ್ತಿಗೆ ಇದ್ದರು ಎಂಬಷ್ಟು ಮಾತ್ರ ಖಚಿತ.

ಮ್ಯಾಕ್ಸ್ ಮುಲ್ಲರ್ 1859ರಲ್ಲಿ ಬುದ್ಧನಿಂದ ಹಿಂದಕ್ಕೆ ಒಂದೊಂದು ಬಗೆಯ ವೈದಿಕ ಸಾಹಿತ್ಯಕ್ಕೆ 200 ವರ್ಷ ಕೊಟ್ಟು ಲೆಕ್ಕ ಹಾಕಿದ. ಆ 200 ಸುಮ್ನೆ ಇಟ್ಟುಕೊಂಡ ಅಂದಾಜು. ಆಮೇಲೆ ಅವನೇ ಅದನ್ನು ಒತ್ತಿ ಹೇಳಲಿಲ್ಲ. ಆದರೂ ಪಠ್ಯಪುಸ್ತಕಗಳಲ್ಲಿ ಅದು ಗಟ್ಟಿಯಾಗಿ ಕೂತುಬಿಟ್ಟಿದೆ. ಋಕ್ಕುಗಳಲ್ಲಿ ಬರುವ ನಕ್ಷತ್ರಗಳ ಸ್ಥಾನದಿಂದ ಕಾಲ ಕಟ್ಟುವ ಲೆಕ್ಕಗಳ ಬಗ್ಗೆ ನನಗೆ ಇನ್ನೂ ಜಾಸ್ತಿ ಅನುಮಾನ. ಋಕ್ಕಿನ ಅರ್ಥವನ್ನು ಸ್ವಲ್ಪ ತಿರುಗಿಸಿದರೆ ಸಾವಿರಾರು ವರ್ಷ ಜಾರುತ್ತದೆ.

"ಗ್ರಂಥದಲ್ಲಿ ಇಲ್ಲ" ಎಂಬ ವಾದವನ್ನೂ ಅಳೆದು ಬಳಸಿ. ಅಥರ್ವವೇದದಲ್ಲಿ ಕಪ್ಪು ಲೋಹದ ಮಾತಿದೆ, ಋಗ್ವೇದದಲ್ಲಿ ಇಲ್ಲ. ಕಬ್ಬಿಣಕ್ಕಿಂತ ಮುಂಚಿನದು ಎನ್ನಲು ಇದು ನೆರವಾಗುತ್ತದೆ, ಆದರೆ ಆ ಪ್ರದೇಶದ ಮಟ್ಟಿಗೆ ಮಾತ್ರ. ತಮಿಳುನಾಡಿನ ಕಬ್ಬಿಣದ ಕಾಲವನ್ನು ತಂದು ಪಂಜಾಬಿನ ಸೂಕ್ತಕ್ಕೆ ಅಂಟಿಸಬಾರದು.

ಈಗ ಸುದಾಸನ ಯುದ್ಧಕ್ಕೆ ಬನ್ನಿ. ಹೇಳುತ್ತಿರುವವರು ಗೆದ್ದ ರಾಜನ ಪುರೋಹಿತ ವಸಿಷ್ಠರ ಕಡೆಯವರು. ಸೂಕ್ತದ ಕೊನೆಯಲ್ಲಿ ಅವರಿಗೆ ಸಿಕ್ಕ ಇನ್ನೂರು ಹಸು, ಎರಡು ರಥದ ಹೊಗಳಿಕೆ ಇದೆ. ಸತ್ತವರ ಸಂಖ್ಯೆ ಅರವತ್ತು ನೂರು, ಆರು ಸಾವಿರ, ಅರವತ್ತು, ಆರು ಎಂದು ಆರನ್ನೇ ಪೋಣಿಸಿಕೊಂಡು ಹೋಗುತ್ತದೆ. ಅದು ಕವಿಯ ಲೆಕ್ಕ. ಆದರೆ ಹೊಗಳಲು ಕೂತವನು ಗಮನ ಕೊಡದೆ ಬಿಟ್ಟ ವಿವರ ಹೆಚ್ಚು ನಂಬಿಕಸ್ತ: ಪರುಷ್ಣಿ, ಅಂದರೆ ರಾವಿ ನದಿ. ಎದುರಾಳಿ ಕುಲಗಳ ಹೆಸರು. ದಕ್ಷಿಣೆಯಾಗಿ ಹಸು ಕೊಡುವ ಪದ್ಧತಿ.

ಅರ್ಥಕ್ಕೆ ಸಾಯಣಭಾಷ್ಯ ನೋಡಿ, ಆದರೆ ಅದು 14ನೇ ಶತಮಾನದ ವಿಜಯನಗರದ್ದು ಎಂದು ನಮೂದಿಸಿ. ಮಂತ್ರಗಳಿಗೆ ಅರ್ಥವೇ ಇಲ್ಲ ಎಂಬ ಕೌತ್ಸನ ವಾದವನ್ನು ಸಾಯಣನಿಗಿಂತ ಎಷ್ಟೋ ಹಿಂದಿನ ನಿರುಕ್ತಕಾರ ಯಾಸ್ಕನೇ ಎದುರಿಸಬೇಕಾಗಿತ್ತು. ಅಷ್ಟರಲ್ಲೇ ಎಷ್ಟೋ ಪದ ಮಸುಕಾಗಿದ್ದವು.

ನಿಮ್ಮ ತೀರ್ಮಾನ ಈ ಥರ ಇರಲಿ: "ಸೂಕ್ತ ಹಳೆಯ ಪದರದ್ದು. ಕ್ರಿ.ಪೂ. ಎರಡನೇ ಸಹಸ್ರಮಾನದ ದ್ವಿತೀಯಾರ್ಧಕ್ಕೆ ಹೊಂದುತ್ತದೆ, ಇಸವಿ ಹೇಳಲಾಗದು. ಕುಲಗಳ ನಡುವಿನ ಜಗಳ ಮತ್ತು ಜಾಗದ ವಿಷಯದಲ್ಲಿ ಸಾಕ್ಷ್ಯ ಬಲವಾಗಿದೆ. ಸೈನ್ಯದ ಗಾತ್ರ ಮತ್ತು ಸೋತವರ ನಡತೆಯ ವಿಷಯದಲ್ಲಿ ದುರ್ಬಲ. ಸೋತವರ ಕಡೆಯ ಹೇಳಿಕೆ ಉಳಿದಿಲ್ಲ."