ಟಿಇಟಿ ಶಿಶು ವಿಕಸನ: ತರಗತಿ ಸನ್ನಿವೇಶದ ಮೂರು ಪ್ರಶ್ನೆ

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ 150 ಪ್ರಶ್ನೆಗಳಲ್ಲಿ 30 ಶಿಶು ವಿಕಸನ ಭಾಗದವು. ಪಿಯಾಜೆ, ವೈಗೋಟ್‌ಸ್ಕಿಯರ ಸಿದ್ಧಾಂತ ಬಾಯಿಪಾಠ ಇದ್ದವರೂ ಸನ್ನಿವೇಶ ಬಂದಾಗ ತಡವರಿಸುತ್ತಾರೆ. ಧಾರವಾಡ ಸಪ್ತಾಪುರದ ನಮ್ಮ ಭಾನುವಾರದ ಗುಂಪಿನಲ್ಲಿ ಈ ವಾರ ಬಿಡಿಸಿದ್ದು ಇವು. ಧಾಟಿ ಹಳೆಯ ಪತ್ರಿಕೆಗಳದ್ದು, ಊರು ಮತ್ತು ಲೆಕ್ಕ ನಾನು ಹಾಕಿದ್ದು.

1. ಹಾವೇರಿಯ ಶಾಲೆ, ಮೂರನೇ ತರಗತಿ. ಹುಡುಗನ ನೋಟ್‌ಬುಕ್ಕಿನಲ್ಲಿ ಹೀಗಿದೆ: 42 − 17 = 35, 51 − 28 = 37, 86 − 34 = 52. ಶಿಕ್ಷಕಿ ಮೊದಲು ಏನು ಮಾಡಬೇಕು?

ಅ) ಸರಿ ಉತ್ತರವನ್ನು ಹತ್ತು ಸಲ ಬರೆಸಬೇಕು
ಆ) ಇನ್ನೂ ಜಾಸ್ತಿ ಲೆಕ್ಕ ಕೊಡಬೇಕು
ಇ) ಹೇಗೆ ಮಾಡಿದೆ ಎಂದು ಅವನನ್ನೇ ಕೇಳಬೇಕು
ಈ) ಗಣಿತದಲ್ಲಿ ಹಿಂದಿದ್ದಾನೆ ಎಂದು ಪಾಲಕರಿಗೆ ಹೇಳಬೇಕು

ಗುಂಪಿನಲ್ಲಿ ಹೆಚ್ಚಿನವರು ‘ಆ’ ಅಂದರು. ಆಯ್ಕೆ ಬಿಡಿ, ಮೊದಲು ಲೆಕ್ಕ ನೋಡಿ. ಮೂರನೆಯದು ಸರಿ ಇದೆ, ಅಲ್ವಾ? ಅಲ್ಲಿ ದಶಕ ಬಿಡಿಸುವ ಕೆಲಸವೇ ಇಲ್ಲ. ಉಳಿದೆರಡರಲ್ಲಿ ತಪ್ಪು ಒಂದೇ ಥರ. ಕೇಳಿದರೆ ಹುಡುಗ ಹೇಳುತ್ತಾನೆ: “ಎರಡರಾಗ ಏಳು ಹೋಗಂಗಿಲ್ರೀ ಟೀಚರ್. ಅದಕ್ಕ ಏಳರಾಗ ಎರಡು ಕಳದೇನಿ.” ಅವನು ಸುಮ್ನೆ ಗೀಚಿಲ್ಲ. ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆಯಬೇಕು ಎಂಬ ನಿಯಮ ತಾನೇ ಕಟ್ಟಿಕೊಂಡಿದ್ದಾನೆ. ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಆ ತಪ್ಪು ನಿಯಮವೇ ಗಟ್ಟಿಯಾಗುತ್ತದೆ. ಅದಕ್ಕೇ ‘ಆ’ ಅಲ್ಲ. ಉತ್ತರ ‘ಇ’. ಅಭ್ಯಾಸ ಬೇಕು ನಿಜ, ಆದರೆ ಪ್ರಶ್ನೆಯಲ್ಲಿ ‘ಮೊದಲು’ ಎಂದಿದೆ. ಆ ಒಂದು ಪದಕ್ಕೆ ಪೆನ್ಸಿಲಿನಿಂದ ಗೆರೆ ಹಾಕಿಕೊಳ್ಳಿ.

2. ಗದಗ ಹತ್ತಿರದ ತಾಂಡಾದಿಂದ ಬರುವ ಒಂದನೇ ತರಗತಿಯ ಹುಡುಗಿ. ರೊಟ್ಟಿಯ ಚಿತ್ರ ತೋರಿಸಿದರೆ ಲಂಬಾಣಿಯಲ್ಲಿ ‘ಬಾಟಿ’ ಅನ್ನುತ್ತಾಳೆ. ಶಿಕ್ಷಕರು,

ಅ) ತಪ್ಪು ಎಂದು ತಿದ್ದಬೇಕು
ಆ) ಮನೆಯಲ್ಲೂ ಕನ್ನಡವನ್ನೇ ಆಡಿ ಎಂದು ಪಾಲಕರಿಗೆ ಹೇಳಬೇಕು
ಇ) ‘ಬಾಟಿ’ಯನ್ನು ಒಪ್ಪಿ, ಪಕ್ಕದಲ್ಲೇ ‘ರೊಟ್ಟಿ’ ಹೇಳಿಕೊಡಬೇಕು
ಈ) ಕನ್ನಡ ಬರುವವರೆಗೆ ಅವಳನ್ನು ಕೇಳದೆ ಬಿಡಬೇಕು

‘ಆ’ ಕಾಳಜಿಯಂತೆ ಕಾಣುತ್ತದೆ, ಅದೇ ಅದರ ಅಪಾಯ. ಅವ್ವನ ಜೊತೆ ಆಡುವ ಮಾತನ್ನೇ ಕಿತ್ತುಕೊಂಡರೆ ಮಗುವಿನ ಬಾಯಿ ಕಟ್ಟಿದಂತೆ. ಚಿತ್ರದಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ಗೊತ್ತಿಲ್ಲದಿರುವುದು ಕನ್ನಡದ ಒಂದು ಪದ ಮಾತ್ರ. ತರಗತಿಯ ಹಲವು ಭಾಷೆಗಳನ್ನು ಕಲಿಕೆಗೆ ಬಳಸಿಕೊಳ್ಳಿ ಎಂದೇ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುತ್ತದೆ. ಉತ್ತರ ‘ಇ’.

3. ಎರಡು ಲೋಟಗಳಲ್ಲಿ ಸಮ ಮಜ್ಜಿಗೆ. ಒಂದನ್ನು ಎತ್ತರದ, ಕಿರಿದಾದ ಗ್ಲಾಸಿಗೆ ಸುರಿದಾಗ ಐದು ವರ್ಷದ ಮಗು ‘ಇದರಾಗ ಜಾಸ್ತಿ ಐತಿ’ ಅನ್ನುತ್ತದೆ. ಮಗುವಿಗೆ ಇನ್ನೂ ಬಂದಿಲ್ಲದ್ದು ಯಾವುದು?

ಅ) ವಸ್ತು ಸ್ಥಿರತೆ
ಆ) ಪ್ರಮಾಣದ ಸಂರಕ್ಷಣೆ
ಇ) ಅನುಕರಣೆ
ಈ) ಅಮೂರ್ತ ಚಿಂತನೆ

‘ಅ’ ಕೂಡ ಪಿಯಾಜೆಯದೇ, ಅದಕ್ಕೇ ಕೈ ಅಲ್ಲಿಗೆ ಹೋಗುತ್ತದೆ. ಆದರೆ ಮರೆಯಾದ ಗಿಲಕಿಯನ್ನು ಹುಡುಕುವುದು ಕೂಸಿನ ಕಾಲಕ್ಕೇ ಬಂದಿರುತ್ತದೆ. ‘ಈ’ ಈ ವಯಸ್ಸಿಗೆ ಇರುವುದಿಲ್ಲ ನಿಜ, ಆದರೆ ಮಜ್ಜಿಗೆ ಸುರಿದು ಪರೀಕ್ಷಿಸಿದ್ದು ಅದನ್ನಲ್ಲ. ಮಗು ಎತ್ತರವನ್ನಷ್ಟೇ ನೋಡಿತು, ಅಗಲ ನೋಡಲಿಲ್ಲ. ಪಾತ್ರೆ ಬದಲಾದರೂ ಮಜ್ಜಿಗೆ ಅಷ್ಟೇ ಇರುತ್ತದೆ ಎಂಬುದು ಅದಕ್ಕೆ ಇನ್ನೂ ಹೊಳೆದಿಲ್ಲ. ಉತ್ತರ ‘ಆ’.